ಮಸ್ಕತ್–ಮನಾಮ–ಖೋಬರ್ ಪ್ರವಾಸದ ಖರ್ಚಿನ ಟೇಬಲ್, ನವೆಂಬರ್ 3ರಿಂದ 7, 2025

ಭಾವ,

ನೀವು ವಾಟ್ಸಾಪ್‌ನಲ್ಲಿ ಕಳಿಸಿದ ಸ್ಕ್ರೀನ್‌ಶಾಟ್‌ಗಳನ್ನೆಲ್ಲ ನೋಡಿ ಟೇಬಲ್ ಮಾಡಿದ್ದೇನೆ. ಕುಂಬಳೆಯಲ್ಲಿ ಎರಡು ದಿನ ಕರೆಂಟ್ ಸರಿ ಇರಲಿಲ್ಲ, ಹಾಗಾಗಿ ಸ್ವಲ್ಪ ತಡವಾಯ್ತು. ವಿಮಾನ, ಹೋಟೆಲ್ ಖರ್ಚು ಕಂಪನಿಯೇ ನೇರವಾಗಿ ಕಟ್ಟಿದೆ ಅಂತ ಅಕ್ಕ ಹೇಳಿದಳು. ಅದಕ್ಕೆ ಇಲ್ಲಿ ಕ್ಯಾಬ್ ಮತ್ತು ಊಟ ಮಾತ್ರ ಇದೆ.

| ಸಾಲು | ದಿನ | ವಿವರ | ಬಿಲ್ ಮೊತ್ತ | ದರ | ದಿರ್ಹಮ್ |
|---|---|---|---|---|---|
| 1 | ನ. 3 | ಕ್ಯಾಬ್, ಮನೆ–ದುಬೈ ಏರ್‌ಪೋರ್ಟ್ | 46.50 ದಿರ್ಹಮ್ | 1 | 46.50 |
| 2 | ನ. 3 | ಕ್ಯಾಬ್, ಮಸ್ಕತ್ ಏರ್‌ಪೋರ್ಟ್–ರುವಿ | 7.200 ಒಮಾನಿ ರಿಯಾಲ್ | 9.5514 | 68.77 |
| 3 | ನ. 3 | ರಾತ್ರಿ ಊಟ, ರುವಿ (ನಿಮ್ಮ ಪಾಲು) | 3.850 ಒಮಾನಿ ರಿಯಾಲ್ | 9.5514 | 36.77 |
| 4 | ನ. 4 | ಕ್ಯಾಬ್, ರುವಿ–ಘಾಲಾ | 4.500 ಒಮಾನಿ ರಿಯಾಲ್ | 9.5514 | 42.98 |
| 5 | ನ. 4 | ಮಧ್ಯಾಹ್ನದ ಊಟ, ಘಾಲಾ | 2.750 ಒಮಾನಿ ರಿಯಾಲ್ | 9.5514 | 26.27 |
| 6 | ನ. 5 | ಕ್ಯಾಬ್, ಬಹರೈನ್ ಏರ್‌ಪೋರ್ಟ್–ಜುಫೇರ್ | 4.300 ಬಹರೈನ್ ದಿನಾರ್ | 9.7673 | 42.00 |
| 7 | ನ. 5 | ರಾತ್ರಿ ಊಟ, ಜುಫೇರ್ | 5.225 ಬಹರೈನ್ ದಿನಾರ್ | 9.7673 | 51.03 |
| 8 | ನ. 6 | ಟ್ಯಾಕ್ಸಿ, ಮನಾಮ–ಖೋಬರ್ (ರಸೀದಿ ಬಾಕಿ) | 25.000 ಬಹರೈನ್ ದಿನಾರ್ | 9.7673 | 244.18 |
| 9 | ನ. 6 | ಮಧ್ಯಾಹ್ನದ ಊಟ, ಖೋಬರ್ | 58.65 ಸೌದಿ ರಿಯಾಲ್ | 0.9793 | 57.44 |
| 10 | ನ. 6 | ಕ್ಯಾಬ್, ಖೋಬರ್–ದಮ್ಮಾಮ್ ಏರ್‌ಪೋರ್ಟ್ | 94.00 ಸೌದಿ ರಿಯಾಲ್ | 0.9793 | 92.05 |
| 11 | ನ. 7 | ಕ್ಯಾಬ್, ದುಬೈ ಏರ್‌ಪೋರ್ಟ್–ಮನೆ | 52.00 ದಿರ್ಹಮ್ | 1 | 52.00 |
| | | ಕ್ಯಾಬ್ | | | 588.48 |
| | | ಊಟ | | | 171.51 |
| | | ಒಟ್ಟು | | | 759.99 |

ಮೊದಲು 8ನೇ ಸಾಲು ನೋಡಿ. ಇಡೀ ಟೇಬಲ್‌ನಲ್ಲಿ ದೊಡ್ಡ ಮೊತ್ತ ಅದೇ, ಆದರೆ ಅದಕ್ಕೆ ರಸೀದಿಯೇ ಇಲ್ಲ. ನೀವು ಕಳಿಸಿದ್ದು ಡ್ರೈವರ್ ಜೊತೆ ಬಾಡಿಗೆ ಮಾತಾಡಿದ ಮೆಸೇಜ್. ದುಡ್ಡು ಕೊಟ್ಟದ್ದಕ್ಕೆ ಅದರಲ್ಲಿ ಗುರುತಿಲ್ಲ. ನಗದು ಕೊಟ್ಟದ್ದರಿಂದ ಬ್ಯಾಂಕಿನ ಮೆಸೇಜೂ ಇರಲ್ಲ. ಆ ಡ್ರೈವರ್ ನಂಬರ್ ನಿಮ್ಮ ಹತ್ತಿರ ಇದೆ ಅಲ್ವಾ? ಒಂದು ಚೀಟಿ ಬರೆಸಿ ಫೋಟೋ ತರಿಸಿಕೊಳ್ಳಿ. ದಿನ, ಎಲ್ಲಿಂದ ಎಲ್ಲಿಗೆ, ಮೊತ್ತ, ಗಾಡಿ ನಂಬರ್, ಸಹಿ, ಇಷ್ಟಿದ್ದರೆ ಸಾಕು. ಸಿಗದಿದ್ದರೆ ಈ ಸಾಲು ಬಿಟ್ಟು 515.81 ದಿರ್ಹಮ್‌ಗೆ ಕ್ಲೇಮ್ ಹಾಕಿ. ಒಂದು ಸಾಲಿನ ಸಂಶಯಕ್ಕೆ ಉಳಿದ ಹತ್ತು ಸಾಲು ನಿಲ್ಲಬಾರದು.

ದರದ ವಿಷಯ. ಈ ನಾಲ್ಕೂ ಕರೆನ್ಸಿಗಳು ಅಮೆರಿಕದ ಡಾಲರ್‌ಗೆ ಕಟ್ಟಿಟ್ಟವು. ಒಂದು ಡಾಲರ್‌ಗೆ 3.6725 ದಿರ್ಹಮ್, 0.3845 ಒಮಾನಿ ರಿಯಾಲ್, 0.376 ಬಹರೈನ್ ದಿನಾರ್, 3.75 ಸೌದಿ ರಿಯಾಲ್. ನಿಮ್ಮ ಕಂಪನಿಯ ಸುತ್ತೋಲೆಯೂ ಸ್ಥಿರ ದರವನ್ನೇ ಹಾಕಲು ಹೇಳಿದೆ. ಹಾಗಾಗಿ ಪ್ರತಿ ದಿನದ ದರ ಹುಡುಕುವ ಕೆಲಸವೇ ಇಲ್ಲ. 3.6725ನ್ನು ಆಯಾ ಕರೆನ್ಸಿಯ ಅಂಕಿಯಿಂದ ಭಾಗಿಸಿ ದರ ತೆಗೆದಿದ್ದೇನೆ. ದಿರ್ಹಮ್ ಕಾಲಮ್‌ನಲ್ಲಿ ಇರುವ ಸೂತ್ರ ಇದು:

```
=ROUND(D3*E3,2)
```

D ಕಾಲಮ್‌ನಲ್ಲಿ ಅಂಕಿ ಮಾತ್ರ ಇರಬೇಕು. ಎಕ್ಸೆಲ್ ಫೈಲ್‌ನಲ್ಲಿ ಕರೆನ್ಸಿ ಹೆಸರನ್ನು ಕೊನೆಗೆ ಬೇರೆ ಕಾಲಮ್ ಮಾಡಿ ಇಟ್ಟಿದ್ದೇನೆ.

ನಿಮ್ಮ ಅಕೌಂಟ್ಸ್‌ನವರು ಎಡವುವುದಾದರೆ ಮೂರು ದಶಮಾಂಶದಲ್ಲಿ ಎಡವಬಹುದು. ಒಂದು ಒಮಾನಿ ರಿಯಾಲ್‌ಗೆ 1000 ಬೈಸಾ, ಒಂದು ಬಹರೈನ್ ದಿನಾರ್‌ಗೆ 1000 ಫಿಲ್ಸ್. ಅದಕ್ಕೇ 4.500 ಅಂದರೆ ನಾಲ್ಕೂವರೆ. ನಾಲ್ಕು ಸಾವಿರದ ಐನೂರು ಅಲ್ಲ. ಕೊನೆಯ ಸೊನ್ನೆಯನ್ನು ಯಾರೂ ಅಳಿಸದಿರಲಿ, ಬಿಲ್‌ನಲ್ಲಿ ಇರುವ ಹಾಗೆಯೇ ಇರಲಿ. ಹಾಗೇ ಬರೀ ‘ರಿಯಾಲ್’ ಅಂತ ಎಲ್ಲೂ ಬರೆದಿಲ್ಲ. ಒಮಾನಿನ ಒಂದು ರಿಯಾಲ್ ಸೌದಿಯ ಒಂಬತ್ತೂಮುಕ್ಕಾಲು ರಿಯಾಲ್‌ಗೆ ಸಮ. ದೇಶದ ಹೆಸರು ಬಿಟ್ಟರೆ ಲೆಕ್ಕವೇ ಬೇರೆಯಾಗುತ್ತದೆ.

10ನೇ ಸಾಲಿನ ತಾರೀಖು ಬಗ್ಗೆ ಅವರು ಕೇಳಬಹುದು. ಕ್ಯಾಬ್ ರಸೀದಿಯಲ್ಲಿ ನವೆಂಬರ್ 6, ರಾತ್ರಿ 11:25. ನಿಮ್ಮ ದುಬೈ ಬ್ಯಾಂಕಿನ ಮೆಸೇಜ್‌ನಲ್ಲಿ ನವೆಂಬರ್ 7, 12:25. ಸೌದಿ ಸಮಯ ದುಬೈಗಿಂತ ಒಂದು ಗಂಟೆ ಹಿಂದೆ, ಅಷ್ಟೇ. ಎರಡೂ ಒಂದೇ ಪಾವತಿ. ರಸೀದಿಯ ತಾರೀಖನ್ನೇ ಹಾಕಿದ್ದೇನೆ.

ರುವಿಯ ಊಟದ ಬಿಲ್ 7.700 ಇತ್ತು. ಅದರಲ್ಲಿ ಎರಡು ಬಿರಿಯಾನಿ, ಎರಡು ಚಾ. ಜೊತೆಗಿದ್ದವರು ಉಪ್ಪಳದ ನಿಮ್ಮ ಗೆಳೆಯರು, ಆಫೀಸಿನವರಲ್ಲ. ಅದಕ್ಕೆ ಅರ್ಧ ಮಾತ್ರ ಹಾಕಿದೆ. ಖೋಬರ್ ಊಟಕ್ಕೆ 51.00 ಅಲ್ಲ, ಸೌದಿಯ 15 ಶೇಕಡಾ ವ್ಯಾಟ್ ಸೇರಿದ 58.65 ತಗೊಂಡಿದ್ದೇನೆ. ನೀವು ಕಟ್ಟಿದ್ದು ಅಷ್ಟು ತಾನೆ?

ಎರಡು ಸ್ಕ್ರೀನ್‌ಶಾಟ್ ಬಿಟ್ಟಿದ್ದೇನೆ. ಒಂದು ಜುಫೇರ್ ಊಟದ್ದೇ, ಎರಡು ಸಲ ಬಂದಿತ್ತು. ಇನ್ನೊಂದು ಕ್ಯಾಬ್ ಹತ್ತುವ ಮೊದಲು ಆ್ಯಪ್ ತೋರಿಸಿದ ಅಂದಾಜು ಬಾಡಿಗೆ. ಕಾರ್ಡ್ ಬಳಸಿದ್ದಕ್ಕೆ ಬ್ಯಾಂಕ್ ತೆಗೆದ ಶುಲ್ಕ ಇದರಲ್ಲಿ ಸೇರಿಲ್ಲ. ಸ್ಟೇಟ್‌ಮೆಂಟ್ ಬಂದ ಮೇಲೆ ಅದಕ್ಕೆ ಬೇರೆ ಸಾಲು ಹಾಕೋಣ.

ಸ್ಕ್ರೀನ್‌ಶಾಟ್‌ಗಳ ಹೆಸರನ್ನು ಸಾಲಿನ ನಂಬರ್‌ಗೆ ಸರಿಯಾಗಿ `01.jpg`ರಿಂದ `11.jpg` ಅಂತ ಬದಲಿಸಿ ಮೇಲ್‌ಗೆ ಸೇರಿಸಿದ್ದೇನೆ. ಸದ್ಯಕ್ಕೆ `08.jpg` ಇಲ್ಲ. ಕೊಡಲು ಕೊನೆಯ ದಿನ 20. ಡ್ರೈವರ್ ಚೀಟಿ 18ರ ಒಳಗೆ ಬಂದರೆ ‘ಬಾಕಿ’ ತೆಗೆದು ಹೊಸ ಫೈಲ್ ಅವತ್ತೇ ಕಳಿಸುತ್ತೇನೆ.