ಆನ್‌ಲೈನ್ ಆಗುವ ಮುನ್ನ ಮಾಡಬೇಕಾದ ವಾಹನ ಮತ್ತು ಆ್ಯಪ್ ತಪಾಸಣೆ

ರಾಜಾಜಿನಗರ ಪಾಯಿಂಟ್‌ನ ಎಲ್ಲ ಸವಾರರ ಗಮನಕ್ಕೆ. ಮಧ್ಯಾಹ್ನದ ಪಾಳಿ 11.30ಕ್ಕೆ, ರಾತ್ರಿಯ ಪಾಳಿ 6.30ಕ್ಕೆ ಆರಂಭವಾಗುತ್ತದೆ. ಈ ಎರಡೂ ಪಾಳಿಗಳಿಗೆ ಇಪ್ಪತ್ತು ನಿಮಿಷ ಮೊದಲೇ ಬಂದು, ಕೆಳಗೆ ಬರೆದಿರುವ ತಪಾಸಣೆಯನ್ನು ಮುಗಿಸಿಕೊಂಡ ನಂತರವೇ ಆ್ಯಪ್‌ನಲ್ಲಿ ಆನ್‌ಲೈನ್ ಆಗಬೇಕು. ಆನ್‌ಲೈನ್ ಬಟನ್ ಒತ್ತಿದ ಕ್ಷಣದಿಂದ ಆರ್ಡರ್ ಯಾವಾಗ ಬೇಕಾದರೂ ಬೀಳಬಹುದು. ಬಿದ್ದ ಮೇಲೆ ಹೋಟೆಲ್‌ಗೆ ಎಷ್ಟು ಹೊತ್ತಿಗೆ ತಲುಪಿದಿರಿ, ಮನೆಗೆ ಎಷ್ಟು ಹೊತ್ತಿಗೆ ಮುಟ್ಟಿಸಿದಿರಿ ಎಂಬ ಲೆಕ್ಕ ಶುರುವಾಗಿಬಿಡುತ್ತದೆ, ಆಗ ಟೈರ್ ಬಗ್ಗಿ ನೋಡಲು ಯಾರಿಗೂ ಮನಸ್ಸು ಬರುವುದಿಲ್ಲ. ಆದ್ದರಿಂದ ನೋಡುವುದನ್ನೆಲ್ಲ ಅದಕ್ಕೆ ಮೊದಲೇ ನೋಡಿಕೊಳ್ಳಬೇಕು.

ಇದನ್ನು ನಾನು ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ. ಈ ಪಾಯಿಂಟ್ ನೋಡಿಕೊಳ್ಳುವ ಮೊದಲು ನಾನೂ ಸವಾರನಾಗಿದ್ದೆ. ಒಂದು ಜುಲೈ ತಿಂಗಳ ಸಂಜೆ, ನನ್ನ ಹಳೆಯ ಸ್ಕೂಟರ್‌ನ ಹಿಂಬ್ರೇಕ್ ಕೇಬಲ್ ಲಿವರ್‌ಗೆ ಸೇರುವ ಜಾಗದಲ್ಲಿ ಎರಡು ಮೂರು ಎಳೆ ಬಿಟ್ಟುಕೊಂಡಿದ್ದನ್ನು ಕಣ್ಣಾರೆ ಕಂಡಿದ್ದೆ. ನಾಳೆ ಗ್ಯಾರೇಜ್‌ಗೆ ಬಿಟ್ಟರಾಯಿತು ಎಂದುಕೊಂಡು ಹೊರಟೆ. ಮಾಗಡಿ ರಸ್ತೆಯ ಇಳಿಜಾರಿನಲ್ಲಿ ಮಳೆ ಹನಿಯುತ್ತಿರುವಾಗ ಮುಂದಿನ ಆಟೋ ನಿಂತಿತು, ಲಿವರ್ ಒತ್ತಿದೆ, ಅದು ಸೀದಾ ಹ್ಯಾಂಡಲ್‌ಗೆ ತಾಗಿತು. ಗಾಬರಿಯಲ್ಲಿ ಮುಂಬ್ರೇಕ್ ಒಂದನ್ನೇ ಬಿಗಿಯಾಗಿ ಹಿಡಿದಾಗ ಗಾಡಿ ಜಾರಿತು, ಭುಜದ ಮೂಳೆ ಮುರಿಯಿತು. ಏಳು ವಾರ ಮನೆಯಲ್ಲಿ ಕುಳಿತೆ. ಆ ಕೇಬಲ್ ಬದಲಾಯಿಸಲು ಅರ್ಧ ಗಂಟೆಯೂ ಬೇಕಿರಲಿಲ್ಲ.

ಹಾಗಾಗಿ ತಪಾಸಣೆಯನ್ನು ಬ್ರೇಕ್‌ನಿಂದಲೇ ಆರಂಭಿಸಬೇಕು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಮೊಬೈಲ್ ಟಾರ್ಚ್ ಹಿಡಿದು ಎರಡೂ ಲಿವರ್‌ಗಳ ಬುಡವನ್ನು ನೋಡಬೇಕು. ಕೇಬಲ್‌ನ ಒಂದೇ ಒಂದು ಎಳೆ ಎದ್ದು ನಿಂತಿದ್ದರೂ ಆ ದಿನ ಆ ಗಾಡಿ ಹೊರಡುವಂತಿಲ್ಲ. ಲಿವರ್ ಬಿಗಿಯಾಗಿ ಹಿಡಿಯುವ ಮೊದಲು ತುದಿಯಲ್ಲಿ 10ರಿಂದ 20 ಮಿಲಿಮೀಟರ್, ಅಂದರೆ ಸುಮಾರು ಒಂದು ಬೆರಳಿನ ಅಗಲದಷ್ಟು, ಸಡಿಲ ಆಟವಿರಬೇಕು. ಅದಕ್ಕಿಂತ ಹೆಚ್ಚು ಒಳಗೆ ಹೋಗುತ್ತಿದ್ದರೆ ಬ್ರೇಕ್ ಶೂ ಸವೆದಿದೆ ಅಥವಾ ಅಡ್ಜಸ್ಟ್ ಮಾಡಿಸಬೇಕಾಗಿದೆ ಎಂದರ್ಥ. ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ ಎಡ ಲಿವರ್ ಒತ್ತಿದಾಗ ಚಕ್ರ ತಕ್ಷಣ ನಿಲ್ಲಬೇಕು, ಬಿಟ್ಟಾಗ ಉಜ್ಜುವ ಸದ್ದಿಲ್ಲದೆ ಮತ್ತೆ ತಿರುಗಬೇಕು. ಡಿಸ್ಕ್ ಬ್ರೇಕ್ ಇರುವವರು ಹ್ಯಾಂಡಲ್ ಮೇಲಿನ ಚಿಕ್ಕ ಗಾಜಿನಲ್ಲಿ ಎಣ್ಣೆಯ ಮಟ್ಟ ಕನಿಷ್ಠ ಗೆರೆಗಿಂತ ಮೇಲಿದೆಯೇ ಎಂದು ನೋಡಬೇಕು, ಒತ್ತಿದಾಗ ಲಿವರ್ ಸ್ಪಂಜಿನಂತೆ ಮೆತ್ತಗಿದ್ದರೆ ಮೆಕ್ಯಾನಿಕ್‌ಗೆ ತೋರಿಸದೆ ಹೊರಡಬಾರದು. 2019ರ ಏಪ್ರಿಲ್ ನಂತರ ಬಂದ 125 ಸಿಸಿವರೆಗಿನ ಸ್ಕೂಟರ್‌ಗಳಲ್ಲಿ ಎಡ ಲಿವರ್ ಒತ್ತಿದರೆ ಎರಡೂ ಚಕ್ರಗಳಿಗೆ ಬ್ರೇಕ್ ಹಿಡಿಯುವ ವ್ಯವಸ್ಥೆ ಸಾಮಾನ್ಯವಾಗಿ ಇದೆ. ಅದಿದೆ ಎಂಬ ಧೈರ್ಯದ ಮೇಲೆ ಕೇಬಲ್ ನೋಡುವುದನ್ನು ಬಿಡಬೇಡಿ, ಏಕೆಂದರೆ ಆ ವ್ಯವಸ್ಥೆಯೂ ಕೆಲಸ ಮಾಡುವುದು ಅದೇ ಕೇಬಲ್‌ಗಳ ಮೂಲಕ. ಅಂಡರ್‌ಪಾಸ್‌ನಲ್ಲಿ ನಿಂತ ನೀರನ್ನು ದಾಟಿ ಪಾಯಿಂಟ್‌ಗೆ ಬಂದವರ ಡ್ರಮ್‌ನೊಳಗೆ ನೀರು ಸೇರಿರುತ್ತದೆ. ಅಂಥವರು ಅಂಗಳದಲ್ಲಿ ನಿಧಾನವಾಗಿ ಎರಡು ಸುತ್ತು ಹಾಕುತ್ತ ಬ್ರೇಕನ್ನು ಹಗುರವಾಗಿ ಒತ್ತಿ ಬಿಟ್ಟು ಮಾಡಿ, ಹಿಡಿತ ಮರಳಿದ್ದನ್ನು ಖಚಿತಪಡಿಸಿಕೊಳ್ಳಬೇಕು.

ನಂತರ ಟೈರ್. ಗಾಳಿಯನ್ನು ಟೈರ್ ತಣ್ಣಗಿರುವಾಗ ನೋಡಿಸಬೇಕು, ಹತ್ತು ಕಿಲೋಮೀಟರ್ ಓಡಿಸಿ ಬಂದ ಮೇಲೆ ನೋಡಿಸಿದರೆ ಒತ್ತಡ ಹೆಚ್ಚು ತೋರುತ್ತದೆ. ನಮ್ಮಲ್ಲಿ ಬಹಳ ಜನರ ಬಳಿಯಿರುವ 110 ಸಿಸಿ ಸ್ಕೂಟರ್‌ಗೆ, ಒಬ್ಬರೇ ಸವಾರರಿದ್ದಾಗ, ಸಾಮಾನ್ಯವಾಗಿ ಮುಂದೆ 22 ಮತ್ತು ಹಿಂದೆ 29 ಪಿಎಸ್‌ಐ ಇರುತ್ತದೆ. ನಿಮ್ಮ ಗಾಡಿಯ ಮೇಲೆ ಅಂಟಿಸಿರುವ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಅನುಸರಿಸಿ. ಅಂಗೈಯನ್ನು ಟೈರ್ ಮೇಲೆ ಸವರುತ್ತ ಇಡೀ ಸುತ್ತು ನೋಡಿದರೆ ಮೊಳೆ, ಗಾಜಿನ ಚೂರು, ಉಬ್ಬು ಎಲ್ಲವೂ ತಿಳಿಯುತ್ತವೆ, ಕೈಗೆ ಗೀರದಂತೆ ಬಟ್ಟೆ ಹಿಡಿದುಕೊಂಡಿರಿ. ಟ್ಯೂಬ್‌ಲೆಸ್ ಟೈರ್‌ನಲ್ಲಿ ಮೊಳೆ ಕಂಡರೆ ಕೀಳಬಾರದು. ಹಾಗೆಯೇ ಪಂಕ್ಚರ್ ಅಂಗಡಿಗೆ ಒಯ್ಯಬೇಕು, ಕಿತ್ತರೆ ನಿಂತಲ್ಲೇ ಗಾಳಿ ಇಳಿಯುತ್ತದೆ. ಟೈರ್‌ನ ಬದಿಯಲ್ಲಿ TWI ಎಂದು ಬರೆದಿರುವ ಕಡೆ, ಅದರ ನೇರಕ್ಕೆ ಟೈರ್‌ನ ತೋಡುಗಳೊಳಗೆ ಒಂದು ಸಣ್ಣ ದಿಬ್ಬವಿರುತ್ತದೆ. ಟೈರ್‌ನ ಮೇಲ್ಮೈ ಆ ದಿಬ್ಬದ ಮಟ್ಟಕ್ಕೆ ಸವೆದಿದ್ದರೆ ಮಳೆಗಾಲದಲ್ಲಿ ಅದರ ಮೇಲೆ ಒಂದು ದಿನವೂ ಓಡಾಡಬಾರದು.

ದೀಪಗಳಲ್ಲಿ ಹೆಚ್ಚಿನವರು ಮುಂದಿನದನ್ನು ಮಾತ್ರ ನೋಡುತ್ತಾರೆ. ಗಾಡಿಯ ಹಿಂಭಾಗ ಗೋಡೆಯ ಹತ್ತಿರ ಬರುವಂತೆ ನಿಲ್ಲಿಸಿ ಎರಡೂ ಲಿವರ್‌ಗಳನ್ನು ಬೇರೆಬೇರೆಯಾಗಿ ಒತ್ತಿ ನೋಡಿದರೆ, ಹಿಂದಿನ ಬ್ರೇಕ್ ಲೈಟ್ ಉರಿಯುತ್ತಿದೆಯೇ ಎಂಬುದು ಗೋಡೆಯ ಮೇಲಿನ ಕೆಂಪು ಬೆಳಕಿನಿಂದಲೇ ಗೊತ್ತಾಗುತ್ತದೆ. ಇಂಡಿಕೇಟರ್, ಹಾರನ್, ಎರಡೂ ಕನ್ನಡಿಗಳು ಇರಬೇಕು. ಕನ್ನಡಿ ಬಿಚ್ಚಿಟ್ಟು ಓಡಿಸುವ ಅಭ್ಯಾಸ ನಮ್ಮ ಪಾಯಿಂಟ್‌ನಲ್ಲಿ ಬೇಡ. ಆಕ್ಸಿಲರೇಟರ್ ತಿರುಗಿಸಿ ಬಿಟ್ಟಾಗ ತಾನಾಗಿಯೇ ಹಿಂದಕ್ಕೆ ಬರಬೇಕು. ಗಾಡಿ ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಹನಿ ಬಿದ್ದಿದೆಯೇ ಎಂದು ಒಮ್ಮೆ ಕಣ್ಣಾಡಿಸಿ. ಪೆಟ್ರೋಲ್ ಕನಿಷ್ಠ ಅರ್ಧ ಪಾಳಿಗೆ ಸಾಲುವಷ್ಟಿರಲಿ.

ವಿದ್ಯುತ್ ಸ್ಕೂಟರ್‌ನಲ್ಲಿ ಬರುವ ಸವಾರರು ಬ್ಯಾಟರಿ ಬದಲಿಸಿಕೊಂಡ ಮೇಲೆ ಅದರ ಬೀಗ ಸರಿಯಾಗಿ ಕೂತಿದೆಯೇ, ಕನೆಕ್ಟರ್ ಸಡಿಲವಿಲ್ಲವೇ, ಪಿನ್‌ಗಳ ನಡುವೆ ತೇವವಿಲ್ಲವೇ ಎಂದು ನೋಡಬೇಕು. ಉಬ್ಬಿರುವ, ಮುಟ್ಟಿದರೆ ಬಿಸಿ ಇರುವ ಅಥವಾ ಕೆಳಗೆ ಬಿದ್ದು ಪೆಟ್ಟಾಗಿರುವ ಬ್ಯಾಟರಿಯನ್ನು ಸ್ವೀಕರಿಸಬಾರದು, ಬದಲಿ ಕೇಳಿ ಪಡೆಯಬೇಕು. ಗಂಟೆಗೆ 25 ಕಿಲೋಮೀಟರ್ ಮೀರದ, 250 ವಾಟ್‌ವರೆಗಿನ ಗಾಡಿಗಳಿಗೆ ನೋಂದಣಿಯಾಗಲಿ ಡಿಎಲ್ ಆಗಲಿ ಬೇಕಿಲ್ಲ, ನಿಜ. ಆದರೆ ರಸ್ತೆಯ ಮೇಲೆ ಬೀಳುವ ತಲೆಗೆ ಆ ವಿನಾಯಿತಿ ತಿಳಿಯುವುದಿಲ್ಲವಾದ್ದರಿಂದ, ಆ ಗಾಡಿಗಳ ಸವಾರರೂ ಇಲ್ಲಿ ಹೆಲ್ಮೆಟ್ ಇಲ್ಲದೆ ಆನ್‌ಲೈನ್ ಆಗುವಂತಿಲ್ಲ. ಹೆಲ್ಮೆಟ್‌ಗೆ ಐಎಸ್‌ಐ ಗುರುತು ಇರಬೇಕು, ಪಟ್ಟಿಯ ಲಾಕ್ ಕೈಯಲ್ಲಿ ಎಳೆದರೆ ಬಿಚ್ಚಬಾರದು, ಮುಂಗಾಜು ಗೀರುಬಿದ್ದು ಮಸುಕಾಗಿದ್ದರೆ ರಾತ್ರಿ ಎದುರಿನ ಬೆಳಕು ಕಣ್ಣಿಗೆ ಒಡೆದು ಹರಡುತ್ತದೆಯಾದ್ದರಿಂದ ಅದನ್ನು ಬದಲಿಸಬೇಕು.

ಕಾಗದಪತ್ರಗಳ ವಿಷಯ ಚಿಕ್ಕದು. ಡಿಎಲ್, ಆರ್‌ಸಿ, ವಿಮೆ ಮತ್ತು ಎಮಿಷನ್ ಸರ್ಟಿಫಿಕೇಟ್ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿದ್ದರೆ ಪೊಲೀಸರು ಅದನ್ನು ಮೂಲ ಪ್ರತಿಯಂತೆಯೇ ಒಪ್ಪಬೇಕೆಂದು ನಿಯಮವಿದೆ, ಆದರೆ ವಾಟ್ಸ್‌ಆ್ಯಪ್‌ನಲ್ಲಿರುವ ಫೋಟೊಗೆ ಆ ಮಾನ್ಯತೆ ಇಲ್ಲ. ವಿಮೆ ಮುಗಿಯುವ ದಿನಾಂಕವನ್ನು ಪ್ರತಿ ತಿಂಗಳ ಮೊದಲ ಪಾಳಿಯಲ್ಲಿ ನೋಡಿಕೊಳ್ಳಿ.

ಇನ್ನು ಮೊಬೈಲ್. ಚಾರ್ಜ್ 80ಕ್ಕಿಂತ ಹೆಚ್ಚಿರಬೇಕು, ಪವರ್ ಬ್ಯಾಂಕ್ ಮತ್ತು ಕೇಬಲ್ ಜೊತೆಗಿರಬೇಕು. ಹೋಲ್ಡರ್‌ನ ಸ್ಕ್ರೂ ಬಿಗಿಯಾಗಿದೆಯೇ ಎಂದು ಮೊಬೈಲ್ ಹಾಕಿ ಅಲ್ಲಾಡಿಸಿ ನೋಡಿ. ಮಳೆಯಿದ್ದರೆ ಪಾರದರ್ಶಕ ಚೀಲದೊಳಗೆ ಇಟ್ಟೂ ಬೆರಳಿಗೆ ಪರದೆ ಕೇಳುತ್ತದೆಯೇ ಎಂಬುದನ್ನು ಇಲ್ಲಿಯೇ ಪರೀಕ್ಷಿಸಿ. ಈ ದಿನದ ಡೇಟಾ ಉಳಿದಿದೆಯೇ, ಆ್ಯಪ್‌ಗೆ ಹೊಸ ಅಪ್‌ಡೇಟ್ ಬಂದಿದೆಯೇ ಎಂಬುದನ್ನು ಪಾಯಿಂಟ್‌ನ ವೈಫೈನಲ್ಲಿ ನೋಡಿ ಮುಗಿಸಿಕೊಳ್ಳಬೇಕು, ಪಾಳಿಯ ನಡುವೆ ಅಪ್‌ಡೇಟ್ ಕೇಳಿದರೆ ರಸ್ತೆ ಬದಿಯಲ್ಲಿ ನಿಲ್ಲಬೇಕಾಗುತ್ತದೆ.

ಆರ್ಡರ್ ಬಂದರೂ ಸದ್ದು ಬರಲಿಲ್ಲ, ತೆಗೆದುಕೊಳ್ಳುವಷ್ಟರಲ್ಲಿ ಬೇರೆಯವರಿಗೆ ಹೋಯಿತು ಎಂಬ ದೂರು ನನಗೆ ವಾರಕ್ಕೆ ಎರಡಾದರೂ ಬರುತ್ತದೆ. ನಾನು ನೋಡಿದಷ್ಟು ಸಲವೂ ಕಾರಣ ಬಹುತೇಕ ಒಂದೇ: ಮೊಬೈಲ್ ತನ್ನ ಚಾರ್ಜ್ ಉಳಿಸಲು ಆ್ಯಪನ್ನು ಹಿನ್ನೆಲೆಯಲ್ಲಿ ಮಲಗಿಸಿಬಿಟ್ಟಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ನ ಮಾಹಿತಿ ಪುಟ ತೆರೆದು, Battery ಎಂಬಲ್ಲಿ Unrestricted ಆಯ್ಕೆ ಮಾಡಿ. ಬ್ಯಾಟರಿ ಸೇವರ್ ಆಫ್ ಮಾಡಿ. ಕೆಲವು ಮೊಬೈಲ್‌ಗಳಲ್ಲಿ ಸಿಸ್ಟಂ ಅಪ್‌ಡೇಟ್ ಆದಮೇಲೆ ಈ ಆಯ್ಕೆ ಹಳೆಯ ಸ್ಥಿತಿಗೆ ಹೋಗಿರುತ್ತದೆ, ಹಾಗಾಗಿ ಒಮ್ಮೆ ಮಾಡಿದೆನೆಂದು ಬಿಡಬಾರದು. ಲೊಕೇಶನ್ ಅನುಮತಿ Allow all the time ಎಂದಿರಬೇಕು. ನಕ್ಷೆ ತೆರೆದು ನೀಲಿ ಚುಕ್ಕೆ ನೀವು ನಿಂತಿರುವ ಅಂಗಳದಲ್ಲೇ ಇದೆಯೇ, ಪಕ್ಕದ ಬೀದಿಗೆ ಹಾರಿದೆಯೇ ನೋಡಿ. ಹಾರಿದ್ದರೆ ಹೊರಗೆ ಬಂದು ಆಕಾಶ ಕಾಣುವಲ್ಲಿ ಒಂದೆರಡು ನಿಮಿಷ ನಿಂತರೆ ಸರಿಹೋಗುತ್ತದೆ. ಲೊಕೇಶನ್ ಬದಲಿಸಿ ತೋರಿಸುವ ಯಾವುದೇ ಆ್ಯಪ್ ನಿಮ್ಮ ಮೊಬೈಲ್‌ನಲ್ಲಿದ್ದರೆ ಈಗಲೇ ತೆಗೆದುಹಾಕಿ, ಬಳಸದಿದ್ದರೂ ಅದರಿಂದ ಐಡಿ ಬ್ಲಾಕ್ ಆಗುವ ಅಪಾಯವಿದೆ.

ಸೆಲ್ಫಿ ಕೇಳಿದಾಗ ಬೆಳಕಿನ ಕಡೆ ಮುಖ ಮಾಡಿ, ಹೆಲ್ಮೆಟ್ ಮತ್ತು ಮಾಸ್ಕ್ ತೆಗೆದು, ಟೀ ಶರ್ಟ್ ಕಾಣುವಂತೆ ತೆಗೆಯಿರಿ. ಕೈಯಲ್ಲಿರುವ ನಗದು ಮಿತಿಯ ಹತ್ತಿರ ಬಂದಿದ್ದರೆ ಆನ್‌ಲೈನ್ ಆಗುವ ಮೊದಲೇ ಜಮಾ ಮಾಡಿ, ಜಮೆಯಾದ ಮೊತ್ತ ಆ್ಯಪ್‌ನಲ್ಲಿ ಕಾಣುವವರೆಗೆ ಕಾಯಿರಿ, ಇಲ್ಲದಿದ್ದರೆ ಆರ್ಡರ್ ಬರುವುದು ನಿಲ್ಲುತ್ತದೆ. ಚಿಲ್ಲರೆಗೆಂದು ಹತ್ತು ಇಪ್ಪತ್ತರ ನೋಟುಗಳಲ್ಲಿ ಇನ್ನೂರು ರೂಪಾಯಿ ಇಟ್ಟುಕೊಳ್ಳಿ. ಆಫೀಸಿನಿಂದ ಎಂದು ಹೇಳಿ ಯಾರಾದರೂ ಫೋನ್‌ನಲ್ಲಿ ನಿಮ್ಮ ಲಾಗಿನ್ ಒಟಿಪಿ ಕೇಳಿದರೆ ಕೊಡಬೇಡಿ, ನಮ್ಮ ಕಡೆಯಿಂದ ಯಾರೂ ಅದನ್ನು ಕೇಳುವುದಿಲ್ಲ.

ಬ್ಯಾಗ್ ತೆರೆದು ಮೂಸಿ ನೋಡಿ. ನಿನ್ನೆ ಚೆಲ್ಲಿದ ಸಾಂಬಾರಿನ ವಾಸನೆ ಇವತ್ತಿನ ಊಟಕ್ಕೆ ಹತ್ತುತ್ತದೆ. ಒಳಗಿನ ಬೆಳ್ಳಿಬಣ್ಣದ ಹಾಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು, ಜಿಪ್ ಪೂರ್ತಿ ಮುಚ್ಚಬೇಕು, ರೈನ್‌ಕೋಟ್ ಬ್ಯಾಗ್‌ನೊಳಗೆ ಊಟದ ಜೊತೆ ಇರದೆ ಡಿಕ್ಕಿಯಲ್ಲಿರಬೇಕು.

ಕೊನೆಯ ತಪಾಸಣೆ ನಿಮ್ಮದೇ. ರಾತ್ರಿ ನಿದ್ದೆಯಾಗಿಲ್ಲ, ಜ್ವರವಿದೆ, ತಲೆ ಸುತ್ತುತ್ತಿದೆ ಎಂದಾದರೆ ನನಗೆ ನೇರವಾಗಿ ಹೇಳಿ. ಅದಕ್ಕಾಗಿ ನಾನು ಯಾರನ್ನೂ ಗದರಿಸಿಲ್ಲ, ಗದರಿಸುವುದೂ ಇಲ್ಲ. ಆಂಬುಲೆನ್ಸ್‌ಗೆ 108, ಪೊಲೀಸ್ ಮತ್ತಿತರ ತುರ್ತಿಗೆ 112 ಎಂಬುದು ನೆನಪಿನಲ್ಲಿರಲಿ. ಮನೆಯವರ ಒಂದು ನಂಬರ್ ಪರದೆಯ ಬೀಗ ತೆಗೆಯದೆಯೇ ಕಾಣುವಂತೆ ಮೊಬೈಲ್‌ನಲ್ಲಿ ಹಾಕಿಡಿ.

ಯಾವುದಾದರೂ ತಪಾಸಣೆಯಲ್ಲಿ ದೋಷ ಕಂಡರೆ ಆನ್‌ಲೈನ್ ಆಗದೆ, ಗಾಡಿಯನ್ನು ಗೇಟಿನ ಎಡಬದಿಯಲ್ಲಿ ನಿಲ್ಲಿಸಿ ನನಗೆ ತಿಳಿಸಬೇಕು. ಪಾಯಿಂಟ್‌ನಲ್ಲಿ ಎರಡು ಹೆಚ್ಚುವರಿ ಸ್ಕೂಟರ್‌ಗಳಿವೆ, ಮೊದಲು ಹೇಳಿದವರಿಗೆ ಮೊದಲು ಸಿಗುತ್ತವೆ, ಆದರೆ ಅವುಗಳನ್ನೂ ಇದೇ ರೀತಿ ನೋಡಿದ ಮೇಲೆಯೇ ಹತ್ತಬೇಕು. ಎಲ್ಲವೂ ಸರಿಯಿದ್ದವರು ಬಾಗಿಲ ಬಳಿಯ ಪುಸ್ತಕದಲ್ಲಿ ಮೀಟರ್‌ನ ಕಿಲೋಮೀಟರ್, ಮೊಬೈಲ್‌ನ ಚಾರ್ಜ್ ಮತ್ತು ಸಮಯವನ್ನು ಬರೆದು ಸಹಿ ಹಾಕಿ, ಗಾಡಿಯನ್ನು ರಸ್ತೆಯ ಕಡೆ ತಿರುಗಿಸಿ ನಿಲ್ಲಿಸಿಕೊಂಡು, ಹೆಲ್ಮೆಟ್ ಪಟ್ಟಿ ಬಿಗಿದು, ಆಮೇಲೆ ಆನ್‌ಲೈನ್ ಬಟನ್ ಒತ್ತಬೇಕು.