ಸಂಶೋಧನಾ ಸಹಾಯಕ ಹುದ್ದೆಗೆ ಅರ್ಜಿ

ಇವರಿಂದ,
ಸುಮನಾ ಕೆ.
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ

ಇವರಿಗೆ,
ಪ್ರೊ. ರೋಹಿಣಿ ಬಾಲಕೃಷ್ಣನ್
ಪರಿಸರ ವಿಜ್ಞಾನ ಕೇಂದ್ರ
ಭಾರತೀಯ ವಿಜ್ಞಾನ ಸಂಸ್ಥೆ, ಬೆಂಗಳೂರು

ದಿನಾಂಕ: 14 ಜೂನ್ 2022

ವಿಷಯ: ಸಂಶೋಧನಾ ಸಹಾಯಕ ಹುದ್ದೆಗೆ ಅರ್ಜಿ

ಮಾನ್ಯರೇ,

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿರುವ ನಾನು ತಮ್ಮ ಪ್ರಯೋಗಾಲಯದ ಸಂಶೋಧನಾ ಸಹಾಯಕ ಹುದ್ದೆಗೆ ಈ ಅರ್ಜಿಯನ್ನು ಸಲ್ಲಿಸುತ್ತಿದ್ದೇನೆ.

ಕುದುರೆಮುಖದ ಕಾಡಿನಲ್ಲಿ ಕೂಗುವ ಕೀಟಗಳನ್ನು ಕುರಿತು 2007ರಲ್ಲಿ ತಮ್ಮ ತಂಡ ಪ್ರಕಟಿಸಿದ ಲೇಖನಗಳೇ ನನ್ನ ಕಿರುಪ್ರಬಂಧಕ್ಕೆ ಆಧಾರವಾದವು. ನಮ್ಮೂರಿನಲ್ಲಿ ರಾತ್ರಿ ಕೂಗುವುದನ್ನೆಲ್ಲ ಜೀರುಂಡೆ ಎಂದೇ ಕರೆಯುವುದು ರೂಢಿ. ಪಳಗಿದ ಕಿವಿಯಿಂದ ಪ್ರಭೇದಗಳನ್ನು ನಂಬಲರ್ಹವಾಗಿ ಗುರುತಿಸಬಹುದೆಂಬ ತಮ್ಮ ಲೇಖನವನ್ನು ಓದಿದ ಮೇಲೆ, ಅಡಿಕೆ ತೋಟದಲ್ಲೂ ಅದಕ್ಕೆ ತಾಗಿದ ಸೊಪ್ಪಿನ ಬೆಟ್ಟದಲ್ಲೂ 38 ರಾತ್ರಿ ಕುಳಿತು, ಕೇಳಿಸಿದ ಚಿಮ್ಮಂಡೆಗಳನ್ನು ಒಂದೊಂದಾಗಿ ಬೇರ್ಪಡಿಸಲು ಯತ್ನಿಸಿದೆ. ಒಟ್ಟು 112 ಧ್ವನಿಮುದ್ರಣಗಳಾದವು. ಅವುಗಳಲ್ಲಿ ಮೊದಲ 27ನ್ನು ಕೈಬಿಡಬೇಕಾಯಿತು, ಏಕೆಂದರೆ ಉಷ್ಣಾಂಶವನ್ನು ಬರೆದಿಟ್ಟುಕೊಳ್ಳದೆ ಕೂಗಿನ ಲಯವನ್ನು ಹೋಲಿಸಲಾಗದು ಎಂಬುದು ನನಗೆ ತಡವಾಗಿ ಹೊಳೆಯಿತು. ಅಂದಿನಿಂದ ತಾಪಮಾಪಕವನ್ನು ಧ್ವನಿಗ್ರಾಹಕಕ್ಕೇ ಕಟ್ಟಿಕೊಂಡು ಹೋಗುತ್ತಿದ್ದೇನೆ.

ಮರಚಿಮ್ಮಂಡೆಗಳ ಬಗೆಗಿನ ತಮ್ಮ 2020ರ ಲೇಖನವನ್ನು ನಾನು ಹಲವು ಬಾರಿ ಓದಿದ್ದೇನೆ. ಗಂಡು ಎಲೆಯ ನಡುವೆ ತೂತು ಕೊರೆದು, ಅದರಲ್ಲಿ ರೆಕ್ಕೆ ಚಾಚಿ ಕೂಗಿ ತನ್ನ ದನಿಯನ್ನು ಹಿಗ್ಗಿಸಿಕೊಳ್ಳುತ್ತದೆ ಎಂಬುದಕ್ಕಿಂತ, ಗಾತ್ರದಲ್ಲಿ ಸಣ್ಣವೂ ದನಿ ಕುಗ್ಗಿದವೂ ಆದ ಗಂಡುಗಳೇ ಈ ಉಪಾಯವನ್ನು ಹೆಚ್ಚು ಹೂಡುತ್ತವೆ ಎಂಬ ಅಂಶ ನನ್ನನ್ನು ಹೆಚ್ಚು ಕಾಡಿತು. ಗಂಡಿಗೆ ದೊಡ್ಡ ಎಲೆ ಸಿಗದ ಗಿಡದಲ್ಲಿ, ಅಥವಾ ಎಲೆಯುದುರುವ ಬೇಸಿಗೆಯಲ್ಲಿ, ಈ ಲಾಭ ಎಷ್ಟರಮಟ್ಟಿಗೆ ಉಳಿದೀತು ಎಂಬುದು ನನ್ನ ಪ್ರಶ್ನೆ. ಇದು ಸಹಾಯಕಿಯ ಕೆಲಸದ ಮಿತಿಯನ್ನು ಮೀರಿದ್ದೆಂದು ಬಲ್ಲೆ. ಆದರೂ ಅಂಥ ಪ್ರಶ್ನೆಗೆ ಬೇಕಾಗುವ ಅಳತೆಗಳನ್ನು, ಎಂದರೆ ಎಲೆಯ ವಿಸ್ತೀರ್ಣ, ಗಂಡಿನ ಗಾತ್ರ ಮತ್ತು ಕೂಗಿನ ಮಟ್ಟವನ್ನು, ರಾತ್ರಿಯ ಹೊತ್ತು ಕೀಟವನ್ನು ಬೆದರಿಸದೆ ದಾಖಲಿಸುವ ತಾಳ್ಮೆ ನನಗಿದೆ.

ರೇವನ್ ತಂತ್ರಾಂಶದಲ್ಲಿ ಧ್ವನಿಚಿತ್ರಗಳನ್ನು ಅಳೆಯುವುದು ಮತ್ತು ಆರ್ ಭಾಷೆಯಲ್ಲಿ ದತ್ತಾಂಶವನ್ನು ವಿಶ್ಲೇಷಿಸುವುದು ನನಗೆ ರೂಢಿಯಾಗಿದೆ. ಸಂಖ್ಯಾಶಾಸ್ತ್ರದ ಮಿಶ್ರ ಮಾದರಿಗಳನ್ನು ಇನ್ನೂ ಸ್ವತಂತ್ರವಾಗಿ ಬಳಸಿಲ್ಲ, ಕಲಿಯುತ್ತಿದ್ದೇನೆ. ಮಲೆನಾಡಿನ ಮಳೆ, ಉಂಬಳ ಎರಡೂ ಹುಟ್ಟಿನಿಂದ ಪರಿಚಯ. ಕ್ಷೇತ್ರಕಾರ್ಯದಲ್ಲಿ ಊರವರೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹೊಣೆಯನ್ನೂ ಹೊರಬಲ್ಲೆ.

ಸ್ವವಿವರ, ಅಂಕಪಟ್ಟಿ, ಕಿರುಪ್ರಬಂಧ ಮತ್ತು ಉಷ್ಣಾಂಶದ ವಿವರವಿರುವ ಮೂರು ಧ್ವನಿಮುದ್ರಣಗಳನ್ನು ಲಗತ್ತಿಸಿದ್ದೇನೆ. ಜುಲೈ 1ರಿಂದ ಕೆಲಸಕ್ಕೆ ಸೇರಲು ಸಿದ್ಧಳಿದ್ದೇನೆ. ಸಂದರ್ಶನಕ್ಕೆ ತಾವು ಸೂಚಿಸಿದ ದಿನ ಬೆಂಗಳೂರಿಗೆ ಬರಬಲ್ಲೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸುಮನಾ ಕೆ.