ವಿಷಯ: ನೀವು 2022ರ ನವೆಂಬರ್‌ನಲ್ಲಿ ಕೇಳಿದ್ದ ಎರಡು ಪ್ರಶ್ನೆಗಳಿಗೆ ಉತ್ತರ

ಮೇಷ್ಟ್ರಿಗೆ ನಮಸ್ಕಾರ,

ಸರಸ್ವತಿಪುರಂನ ಸೋಲಾರ್ ಅಂಗಡಿಯಿಂದ ಬರೆಯುತ್ತಿದ್ದೇನೆ. 2022ರ ಅಕ್ಟೋಬರ್‌ನಲ್ಲಿ ಕುವೆಂಪುನಗರದ ನಿಮ್ಮ ಮನೆಗೆ ಬಂದು ತಾರಸಿ ಅಳತೆ ಮಾಡಿ, 3 ಕಿಲೋವಾಟ್ ಘಟಕಕ್ಕೆ 1,95,000 ರೂಪಾಯಿಯ ಕೊಟೇಶನ್ ಕಳುಹಿಸಿದ್ದೆವು. ಅದನ್ನು ಓದಿ ನೀವು ಎರಡು ಪ್ರಶ್ನೆ ಬರೆದು ಕೇಳಿದ್ದಿರಿ. ನಮ್ಮಿಂದ ಉತ್ತರ ಬರಲಿಲ್ಲ. ಈಗ ಮೂರು ವರ್ಷವಾಗಿದೆ.

ಆಗ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಬಿಟ್ಟಿದ್ದ, ನಾವು ಉಳಿದವರು ಅವನ ಅಂಚೆಪೆಟ್ಟಿಗೆಯನ್ನು ತೆರೆದು ನೋಡಲಿಲ್ಲ. ಇದು ಕಾರಣವೇ ಹೊರತು ಸಮರ್ಥನೆ ಅಲ್ಲ. ಇಷ್ಟು ದಿನದಲ್ಲಿ ನೀವು ಬೇರೆಯವರಿಂದ ಹಾಕಿಸಿಕೊಂಡಿರಬಹುದು. ಹಾಗಿದ್ದರೆ ಸಂತೋಷ, ಈ ಪತ್ರವನ್ನು ಇಲ್ಲಿಗೇ ನಿಲ್ಲಿಸಿಬಿಡಿ.

ಇಲ್ಲವಾದರೆ, ಮೊದಲು ನಿಮ್ಮ ಪ್ರಶ್ನೆಗಳು.

ಕರೆಂಟ್ ಹೋದಾಗ ಸೋಲಾರ್‌ನಿಂದ ಮನೆ ನಡೆಯುತ್ತದೆಯೇ ಎಂದು ಕೇಳಿದ್ದಿರಿ. ನಡೆಯುವುದಿಲ್ಲ. ಸೆಸ್ಕ್ ಲೈನಿಗೆ ಜೋಡಿಸುವ ಈ ಬಗೆಯ ಘಟಕ ಲೈನಿನಲ್ಲಿ ವಿದ್ಯುತ್ ನಿಂತ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಹರಿದ ವಿದ್ಯುತ್ ತಗುಲಬಾರದು ಎಂಬುದಕ್ಕೆ ಈ ಏರ್ಪಾಡು. ಮಟಮಟ ಮಧ್ಯಾಹ್ನ ಬಿಸಿಲು ಕಾಯುತ್ತಿದ್ದರೂ ಅಷ್ಟೇ. ಇದನ್ನು ಮೊದಲೇ ಹೇಳದೆ ಮಾರುವವರಿದ್ದಾರೆ, ಆಮೇಲೆ ಗ್ರಾಹಕರ ಬೈಗುಳ ಕೇಳುವ ಸರದಿ ನಮ್ಮಂಥ ಎಲ್ಲರದೂ ಆಗುತ್ತದೆ. ಬ್ಯಾಟರಿ ಸೇರಿದ ಹೈಬ್ರಿಡ್ ಘಟಕ ಹಾಕಿದರೆ ಕರೆಂಟ್ ಹೋದಾಗಲೂ ಮನೆ ನಡೆಯುತ್ತದೆ, ಆದರೆ ಖರ್ಚು ಬಹಳ ಏರುತ್ತದೆ. ನಿಮ್ಮ ಮನೆಯಲ್ಲಿ ಆಗಲೇ ಯುಪಿಎಸ್ ಇತ್ತು. ದೀಪ, ಫ್ಯಾನ್‌ಗಳಿಗೆ ಅದೇ ಸಾಕು.

ಎರಡನೆಯದು ಪೂರ್ವದ ಕಡೆಯ ಸಂಪಿಗೆ ಮರದ ನೆರಳು. ಇದು ಒಳ್ಳೆಯ ಪ್ರಶ್ನೆಯಾಗಿತ್ತು. ಪ್ಯಾನೆಲ್‌ಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿರುತ್ತೇವೆ. ಒಂದರ ಮೇಲೆ ನೆರಳು ಬಿದ್ದರೆ, ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಒಂದು ಎತ್ತು ಕುಂಟಿದ ಹಾಗೆ, ಇಡೀ ಸಾಲಿನ ಉತ್ಪಾದನೆ ಕುಗ್ಗುತ್ತದೆ. ಆಗ ನಾವು ಕೊಟ್ಟಿದ್ದ ನಕ್ಷೆಯಲ್ಲಿ 335 ವಾಟ್‌ನ 9 ಪ್ಯಾನೆಲ್‌ಗಳಿದ್ದವು, ಅವುಗಳಲ್ಲಿ ಮೂರು ಬೆಳಗಿನ ಹೊತ್ತು ಮರದ ನೆರಳಿಗೆ ಸಿಕ್ಕುತ್ತಿದ್ದವು. ಈಗ ಒಂದೊಂದು ಪ್ಯಾನೆಲ್ 540 ವಾಟ್‌ನದು ಬರುತ್ತದೆ. ನಾಲ್ಕೇ ಪ್ಯಾನೆಲ್‌ಗಳಲ್ಲಿ 2 ಕಿಲೋವಾಟ್ ಮುಗಿಯುತ್ತದೆ. ನೀರಿನ ಟ್ಯಾಂಕಿನ ಪಶ್ಚಿಮಕ್ಕೆ, ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದರೆ ಸಂಪಿಗೆಯ ನೆರಳು ಅಲ್ಲಿಗೆ ತಲುಪುವುದಿಲ್ಲ. ಮರದ ಒಂದು ಕೊಂಬೆಯನ್ನೂ ಕಡಿಯಬೇಕಿಲ್ಲ. ನಿಮ್ಮ ಮನೆಯವರಿಗೆ ಆ ಮರದ ಬಗ್ಗೆ ಎಷ್ಟು ಅಕ್ಕರೆಯೆಂದು ಅಂದೇ ನೋಡಿದ್ದೇನೆ.

3 ಕಿಲೋವಾಟ್ ಬಿಟ್ಟು 2 ಎನ್ನುತ್ತಿದ್ದೇನಲ್ಲ, ಅದಕ್ಕೂ ಕಾರಣವಿದೆ. ಮಗಳ ಸಂಸಾರ ಮೈಸೂರಿಗೆ ಬರುತ್ತದೆ ಎಂದು ಆಗ ನೀವು ಹೇಳಿದ್ದರಿಂದ ದೊಡ್ಡದನ್ನೇ ಲೆಕ್ಕ ಹಾಕಿದ್ದೆವು. ನೀವು ಕೊಟ್ಟಿದ್ದ ಹನ್ನೆರಡು ತಿಂಗಳ ಬಿಲ್‌ಗಳನ್ನು ಮತ್ತೆ ನೋಡಿದೆ. ಸರಾಸರಿ ಬಳಕೆ ತಿಂಗಳಿಗೆ 240 ಯೂನಿಟ್. ಒಂದು ಕಿಲೋವಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಮಳೆಗಾಲದಲ್ಲಿ ಕಡಿಮೆ, ಬೇಸಿಗೆಯಲ್ಲಿ ಹೆಚ್ಚು. ಅಂದರೆ 2 ಕಿಲೋವಾಟ್ ನಿಮ್ಮ ಬಳಕೆಗೆ ಸರಿಹೊಂದುತ್ತದೆ. ದೊಡ್ಡದನ್ನು ಹಾಕಿಸಿದರೆ ಉಳಿದ ಯೂನಿಟ್ ಸೆಸ್ಕ್‌ಗೆ ಹೋಗುತ್ತದೆ, ಅದಕ್ಕೆ ಅವರು ಕೊಡುವ ದರ ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಮಗಳು ಬಂದಾಗಿದ್ದರೆ ಮಾತ್ರ ಹೇಳಿ, ಲೆಕ್ಕ ಬದಲಾಗುತ್ತದೆ.

ನಡುವೆ ಹಣದ ಲೆಕ್ಕವೂ ಬದಲಾಗಿದೆ. 2022ರಲ್ಲಿ ಕೇಂದ್ರದ ಸಹಾಯಧನ ಕಿಲೋವಾಟ್‌ಗೆ 14,588 ರೂಪಾಯಿ ಇತ್ತು. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟ್‌ಗೆ 60,000, 3 ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಯ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಎಲ್ಲ ಸೇರಿ 2 ಕಿಲೋವಾಟ್‌ಗೆ ಇವತ್ತಿನ ನಮ್ಮ ದರ 1,35,000 ರೂಪಾಯಿ. ಸಹಾಯಧನ ಕಳೆದರೆ 75,000. ಆದರೆ ಪೂರ್ತಿ ಹಣವನ್ನು ಮೊದಲು ನೀವೇ ಕೊಡಬೇಕು, ಘಟಕ ಚಾಲೂ ಆದ ನಂತರ ಸಹಾಯಧನ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ.

ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 1,400 ರೂಪಾಯಿ ಆಸುಪಾಸು ಉಳಿಯುತ್ತದೆ, ಹಾಕಿದ ದುಡ್ಡು ನಾಲ್ಕೂವರೆ ವರ್ಷದಲ್ಲಿ ವಾಪಸ್. ಬಿಲ್ ಸೊನ್ನೆಯಾಗುವುದಿಲ್ಲ, ನಿಗದಿತ ಶುಲ್ಕ ಹೇಗೂ ಬರುತ್ತದೆ.

ಇನ್ನೊಂದು ಮಾತು. ಬಳಕೆ ಇಳಿದು ಈಗ ಗೃಹಜ್ಯೋತಿಯಲ್ಲಿ ನಿಮಗೆ ಸೊನ್ನೆ ಬಿಲ್ ಬರುತ್ತಿದ್ದರೆ ದಯವಿಟ್ಟು ಸೋಲಾರ್ ಹಾಕಿಸಬೇಡಿ. ಉಳಿಸಲು ಬಿಲ್ಲೇ ಇಲ್ಲದಿರುವಾಗ 75,000 ಯಾಕೆ? ಆ ದುಡ್ಡು ಬ್ಯಾಂಕಿನಲ್ಲಿರಲಿ.

ಹಾಕಿಸುವ ಮನಸ್ಸಿದ್ದರೆ ಒಂದು ಕೆಲಸ ಮೊದಲು ಆಗಬೇಕು. ನಿಮ್ಮ ಆರ್.ಆರ್. ನಂಬರ್ ಇನ್ನೂ ತೀರಿಹೋದ ನಿಮ್ಮ ತಂದೆಯವರ ಹೆಸರಿನಲ್ಲಿದೆ ಎಂದು ನನ್ನ ಟಿಪ್ಪಣಿಯಲ್ಲಿದೆ. ಅರ್ಜಿ ಹಾಕುವವರ ಹೆಸರೂ ಬಿಲ್ಲಿನಲ್ಲಿರುವ ಹೆಸರೂ ಒಂದೇ ಆಗಿರಬೇಕು. ಸೆಸ್ಕ್ ಉಪವಿಭಾಗದ ಕಚೇರಿಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಿ. ನಮ್ಮಿಂದ ಹಾಕಿಸದಿದ್ದರೂ ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಸೂರ್ಯಘರ್ ಯೋಜನೆಯ ಅವಧಿ ಈಗಿರುವಂತೆ 2026-27ರ ಆರ್ಥಿಕ ವರ್ಷದವರೆಗೆ ಇದೆ, ಹಾಗಾಗಿ ನಾಳೆಯೇ ಓಡಬೇಕಾದ ಅವಸರವಿಲ್ಲ.

ಈ ಯೋಜನೆಯ ಪ್ರಕಾರ ಹಾಕಿದವರೇ 5 ವರ್ಷ ನಿರ್ವಹಣೆ ಮಾಡಬೇಕು. ಮೂರು ವರ್ಷ ಒಂದು ಪತ್ರಕ್ಕೆ ಉತ್ತರಿಸದವರು ಐದು ವರ್ಷ ಘಟಕ ನೋಡಿಕೊಳ್ಳುತ್ತಾರೆಯೇ ಎಂಬ ಅನುಮಾನ ನಿಮಗೆ ಬಂದರೆ ಅದು ನ್ಯಾಯವೇ. ನನ್ನ ಮಾತನ್ನು ನಂಬಿ ಎಂದು ಹೇಳುವುದಿಲ್ಲ. ನಿಮ್ಮ ಬಡಾವಣೆಯಲ್ಲೇ 2021ರಲ್ಲಿ ನಾವು ಘಟಕ ಹಾಕಿದ ಮನೆ ಇದೆ. ನೀವು ಬೇಕೆಂದರೆ ಆ ಮನೆಯವರ ಒಪ್ಪಿಗೆ ಪಡೆದು ಪರಿಚಯ ಮಾಡಿಸುತ್ತೇನೆ, ನಾನು ಜೊತೆಗೆ ಬರುವುದಿಲ್ಲ. ಕೆಟ್ಟಾಗ ಎಷ್ಟು ದಿನಕ್ಕೆ ಬಂದರು ಎಂದು ಅವರನ್ನೇ ಕೇಳಿ. ಬೇರೆ ಇಬ್ಬರಿಂದಲೂ ದರ ತರಿಸಿ ಹೋಲಿಸಿ.

ಈಗಲೇ ಯಾಕೆ ಬರೆದೆ ಎಂದರೆ, ಮಳೆ ಮುಗಿದು ಕೆಲಸದ ಹಂಗಾಮು ಶುರುವಾಗಿದೆ, ನಮಗೆ ವ್ಯಾಪಾರ ಬೇಕು. ಹಳೆಯ ಅಂಚೆಪೆಟ್ಟಿಗೆ ತೆಗೆದಾಗ ಉತ್ತರವಿಲ್ಲದೆ ಬಿದ್ದಿದ್ದ ಪತ್ರಗಳಲ್ಲಿ ನಿಮ್ಮದೂ ಇತ್ತು.

ಬೇಕಿದ್ದರೆ ಈ ಪತ್ರಕ್ಕೇ ಉತ್ತರಿಸಿ, ಜೊತೆಗೆ ಇತ್ತೀಚಿನ ಒಂದು ಬಿಲ್ಲಿನ ಫೋಟೋ ಇರಲಿ. ಬಂದ ಮಾರನೆಯ ದಿನದೊಳಗೆ ನಾನೇ ಉತ್ತರ ಬರೆಯುತ್ತೇನೆ. ತಾರಸಿಯನ್ನು ಮತ್ತೊಮ್ಮೆ ನೋಡಲು ಬರುವುದಕ್ಕೆ ಹಣವಿಲ್ಲ. ಬೇಡವೆಂದರೆ ‘ಬೇಡ’ ಎಂದಷ್ಟೇ ಬರೆಯಿರಿ, ನಿಮ್ಮ ವಿಳಾಸವನ್ನೂ ಬಿಲ್‌ಗಳ ಪ್ರತಿಯನ್ನೂ ಅಳಿಸಿಹಾಕುತ್ತೇನೆ. ಏನೂ ಬರೆಯದಿದ್ದರೂ ಬೇಡವೆಂದೇ ತಿಳಿದು ಮತ್ತೆ ತೊಂದರೆ ಕೊಡುವುದಿಲ್ಲ.

ವಂದನೆಗಳೊಂದಿಗೆ,
ಮಂಜುನಾಥ
ಸರಸ್ವತಿಪುರಂ, ಮೈಸೂರು

ಮರೆತ ಮಾತು: ಮೇಲಿನ ದರ ಡಿಸೆಂಬರ್ ಕೊನೆಯವರೆಗೆ ಹೀಗೇ ಇರುತ್ತದೆ. ಆಮೇಲೆ ಪ್ಯಾನೆಲ್ ಬೆಲೆ ನೋಡಿ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ, ಏರಲೂಬಹುದು, ಇಳಿಯಲೂಬಹುದು.